ನಕ್ಕನಲ್ಲ, ಮತ್ತೇನು?

ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಹಳೆಯ ಕಾಲದ ಟ್ಯೂಬ್‌ಲೈಟು ಹತ್ತಿಕೊಳ್ಳುವುದನ್ನು ನೋಡಿಯೇ ಇಲ್ಲ. ಎಲ್‌ಇಡಿ ದೀಪಕ್ಕೆ ಸ್ವಿಚ್ಚು ಒತ್ತಿದರೆ ಆಯಿತು. ಆದರೆ ಚೋಕು, ಸ್ಟಾರ್ಟರು ಇದ್ದ ಟ್ಯೂಬ್‌ಲೈಟು ಹಾಗಲ್ಲ. ಮೊದಲು ಸ್ಟಾರ್ಟರಿನೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಬೇಕು, ಕೊಳವೆಯ ಎರಡು ತುದಿಗಳ ತಂತಿ ಕಾಯಬೇಕು, ಪಟ್ಟಿ ತಣಿದು ಸಂಪರ್ಕ ಬಿಟ್ಟಾಗ ಚೋಕು ಒಂದು ಜೋರಾದ ವೋಲ್ಟೇಜಿನ ಪೆಟ್ಟು ಕೊಡಬೇಕು. ಅಲ್ಲಿಯವರೆಗೆ ಮಿಣುಕುತ್ತಾ ಇರುತ್ತದೆ. ಅದಕ್ಕೇ ಮಾತು ತಡವಾಗಿ ಅರ್ಥವಾಗುವವನಿಗೆ ನಮ್ಮಲ್ಲಿ ‘ಟ್ಯೂಬ್‌ಲೈಟು’ ಎಂಬ ಬಿರುದು. ದೀಪಗಳು ಬದಲಾದರೂ ಬಿರುದು ಉಳಿದಿದೆ.

ಈ ಬಿರುದನ್ನು ನಾನೇ ಒಬ್ಬ ಹುಡುಗನಿಗೆ ಕೊಟ್ಟ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ. ನಡೆದು ಏಳೆಂಟು ವರ್ಷವಾಯಿತು. ಅವನ ಹೆಸರು ಬೇಡ, ಮಂಜು ಎಂದಿಟ್ಟುಕೊಳ್ಳೋಣ.

ಜೂನ್ ತಿಂಗಳು, ಒಂಬತ್ತನೆಯ ತರಗತಿ. ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸ ಹೇಳಿ ಮುಗಿಸಿ, ಮುಂದಿನ ಪಾಠಕ್ಕೆ ಹೋಗಿ ಹತ್ತು ನಿಮಿಷವಾಗಿತ್ತು. ಆಗ ಎರಡನೆಯ ಬೆಂಚಿನಿಂದ ಮಂಜು ಕೈಯೆತ್ತಿದ. ‘ಸಾರ್, ಮೈದಾನ ಒಂದು ಸುತ್ತು ಓಡಿ ಹೊರಟ ಜಾಗಕ್ಕೇ ಬಂದ್ರೆ ಸರಾಸರಿ ವೇಗ ಸೊನ್ನೆ ಅಲ್ವಾ?’ ಪ್ರಶ್ನೆ ಸೊಗಸಾದದ್ದೇ. ಆದರೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. ‘ಬಂತಪ್ಪಾ, ಟ್ಯೂಬ್‌ಲೈಟು ಈಗ ಹತ್ಕೊಳ್ತು!’ ಎಂದೆ. ತರಗತಿ ಗೊಳ್ಳೆಂದಿತು. ಮಂಜುವೂ ನಕ್ಕ. ನಕ್ಕು, ‘ವೋಲ್ಟೇಜ್ ಕಮ್ಮಿ ಇತ್ತು ಸಾರ್’ ಎಂದ. ಅವನಿಗೆ ಇನ್ನೂ ಹೆಚ್ಚು ನಗೆ ಬಿತ್ತು. ಅಂದು ತಮಾಷೆ ತಮಾಷೆಯಾಗಿಯೇ ಇತ್ತು ಎಂದು ಈಗಲೂ ಹೇಳಬಲ್ಲೆ.

ಅದೇ ಮಾತನ್ನು ಅದೇ ಧಾಟಿಯಲ್ಲಿ ನವೆಂಬರಿನಲ್ಲಿ ಹೇಳಿದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಂಚುತ್ತಿದ್ದೆ. ‘ಟ್ಯೂಬ್‌ಲೈಟು ಈ ಸಲ ಹತ್ಕೊಳ್ಳಲೇ ಇಲ್ವಲ್ಲಪ್ಪಾ’ ಎಂದೆ. ಮಕ್ಕಳು ನಕ್ಕರು. ಮಂಜುವೂ ನಕ್ಕ. ನಾನು ಮುಂದಿನ ಹೆಸರು ಕೂಗಿದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಇದನ್ನೇ ಚಟಾಕಿಯಂತೆ ಹೇಳುತ್ತಿದ್ದಾಗ ನಮ್ಮ ಕನ್ನಡದ ಮೇಡಂ ಕೇಳಿದರು: ‘ಅವನೇನು ಮಾಡಿದ?’ ‘ನಕ್ಕ’ ಎಂದೆ. ‘ಹೇಗೆ ನಕ್ಕ ಸಾರ್?’ ಎಂದರು. ಪ್ರಯೋಗಶಾಲೆಯಲ್ಲಿ ದ್ರಾವಣದ ಬಣ್ಣ ಹೇಗೆ ಬದಲಾಯಿತೆಂದು ಬರೆಯದ ಹುಡುಗನಿಗೆ ಅಂಕ ಕಡಿಯುವ ಮೇಷ್ಟ್ರು ನಾನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಗುವ ಸದ್ದು ಕೇಳಿದ್ದೆ, ಮುಖ ನೋಡಿರಲಿಲ್ಲ.

ಅಂದು ಸಂಜೆ ಕುಳಿತು ನೆನಪಿನಿಂದಲೇ ಎರಡು ದಿನಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೋಲಿಸಿದೆ. ಜೂನಿನಲ್ಲಿ ಅವನು ನನ್ನ ಮುಖ ನೋಡಿ ನಕ್ಕಿದ್ದ. ನವೆಂಬರಿನಲ್ಲಿ ಮೊದಲು ಅಕ್ಕಪಕ್ಕದವರ ಮುಖ ನೋಡಿದ್ದ, ಅವರು ನಕ್ಕ ಮೇಲೆ ತಾನು ನಕ್ಕ. ಜೂನಿನಲ್ಲಿ ತಿರುಗಿ ಒಂದು ಮಾತು ಕೊಟ್ಟಿದ್ದ. ನವೆಂಬರಿನಲ್ಲಿ ‘ಹೂಂ ಸಾರ್’ ಎಂದಷ್ಟೇ, ಅದೂ ಏರಿಳಿತವಿಲ್ಲದ ಸಣ್ಣ ದನಿಯಲ್ಲಿ. ಪತ್ರಿಕೆ ಇಸಿದುಕೊಂಡ ಕೈ ಅದನ್ನು ನಾಲ್ಕಾಗಿ ಮಡಿಸುತ್ತಿತ್ತು. ಹೋಗಿ ಕುಳಿತದ್ದು ಎರಡನೆಯ ಬೆಂಚಿನಲ್ಲಲ್ಲ, ಗೋಡೆಯ ಬದಿಯ ಕೊನೆಯ ಬೆಂಚಿನಲ್ಲಿ. ಅಲ್ಲಿಗೆ ಯಾವಾಗ ಹೋಗಿದ್ದ? ದಸರಾ ರಜೆಯ ನಂತರವೇ ಇರಬೇಕು. ರಜೆ ಮುಗಿದ ಮೇಲೆ ಅವನು ಒಂದು ಸಲವೂ ಕೈಯೆತ್ತಿರಲಿಲ್ಲ. ಇನ್ನೊಂದು ಸಂಗತಿ: ಜೂನಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಅವನ ಜೊತೆಗಾರ ಈ ಸಲ ತಲೆ ತಗ್ಗಿಸಿ ತನ್ನ ನೋಟ್‌ಬುಕ್ಕನ್ನೇ ನೋಡುತ್ತಿದ್ದ. ನನಗಿಂತ ಮೊದಲು ಅವನಿಗೆ ಗೊತ್ತಾಗಿತ್ತು.

ನಗುವಿನ ವಿಷಯಕ್ಕೆ ಬರೋಣ. ಫ್ರಾನ್ಸಿನ ವೈದ್ಯ ದ್ಯುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ, ಯಾವ ಸ್ನಾಯು ಸೆಳೆದರೆ ಮುಖದಲ್ಲಿ ಯಾವ ಭಾವ ಮೂಡುತ್ತದೆಂದು ನೋಡಿ, 1862ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ತುಟಿಯ ತುದಿಗಳನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂಬುದು ಅವನ ಅಭಿಪ್ರಾಯ. ಅದು ಬಿಗಿದಾಗ ಕೆನ್ನೆ ಉಬ್ಬಿ, ಕಣ್ಣು ಸ್ವಲ್ಪ ಕಿರಿದಾಗಿ, ಹೊರತುದಿಯಲ್ಲಿ ನೆರಿಗೆ ಬೀಳುತ್ತದೆ. ಫೋಟೋಗ್ರಾಫರು ‘ಸ್ಮೈಲ್ ಪ್ಲೀಸ್’ ಎಂದಾಗ ನಾವು ಕೊಡುವ ನಗುವಿನಲ್ಲಿ ಬಾಯಿ ಅಗಲವಾಗಿದ್ದರೂ ಕಣ್ಣು ಸಾಮಾನ್ಯವಾಗಿ ಇದ್ದ ಹಾಗೆಯೇ ಇರುತ್ತದೆ.

ಆದರೆ ಇದನ್ನು ಲಿಟ್ಮಸ್ ಕಾಗದ ಎಂದು ತಿಳಿಯಬೇಡಿ. ಕಣ್ಣಿನ ಸ್ನಾಯುವನ್ನು ಬೇಕೆಂದೇ ಬಿಗಿಯಬಲ್ಲವರು ಬಹಳ ಜನ ಇದ್ದಾರೆಂದು ಈಚಿನ ಅಧ್ಯಯನಗಳು ತೋರಿಸಿವೆ. ಅವಮಾನ ನುಂಗಿ ಅಭ್ಯಾಸವಾದ ಮಕ್ಕಳು ಕಣ್ಣಿನಲ್ಲೂ ನಗಬಲ್ಲರು. ಅದಕ್ಕೇ ನಾನು ನಗುವಿನ ಆಕಾರಕ್ಕಿಂತ ಅದರ ಸಮಯವನ್ನು ಹೆಚ್ಚು ನೋಡುತ್ತೇನೆ. ಮಾತು ಕಿವಿಗೆ ಬಿದ್ದ ಕೂಡಲೇ, ನಗು ಬರುವುದಕ್ಕೆ ಮುಂಚಿನ ಒಂದು ಕ್ಷಣ ಮುಖ ಏನು ಮಾಡಿತು? ಕಲ್ಲಿನಂತೆ ನಿಂತಿತೆ? ಹುಬ್ಬು ಕೂಡಿತೆ? ಆಮೇಲೆ ಬಂದ ನಗು ತಾನಾಗಿ ಇಳಿಯಿತೇ, ಸ್ವಿಚ್ಚು ಆರಿಸಿದಂತೆ ಥಟ್ಟನೆ ಹೋಯಿತೇ? ಆ ಒಂದು ಕ್ಷಣದಲ್ಲಿ ನಾವು ನಗುತ್ತಾ ಬೇರೆಯವರ ಕಡೆ ತಿರುಗಿರುತ್ತೇವೆ, ಅಲ್ಲಿಯೇ ಎಡವುವುದು.

ನಮ್ಮ ನಗುವಂತೂ ಏನನ್ನೂ ಹೇಳುವುದಿಲ್ಲ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನ ಸೇರುವ ಜಾಗಗಳಲ್ಲಿ ನಿಂತು, ಮಾತಿನ ನಡುವೆ ಯಾರು ಯಾವಾಗ ನಗುತ್ತಾರೆಂದು ಬರೆದುಕೊಂಡು, 1993ರಲ್ಲಿ ಅದನ್ನು ಪ್ರಕಟಿಸಿದರು. ಕೇಳುವವರಿಗಿಂತ ಮಾತನಾಡುವವರೇ ಹೆಚ್ಚು ನಗುತ್ತಾರೆಂದು ಅದರಲ್ಲಿ ಕಂಡುಬಂತು. ಇನ್ನು, ಕೀಟಲೆ ಮಾಡುವವನು ತನ್ನ ಮಾತು ಎಷ್ಟು ನಿರುಪದ್ರವಿ ಎಂದು ಭಾವಿಸುತ್ತಾನೋ ಕೀಟಲೆಗೆ ಗುರಿಯಾದವನಿಗೆ ಅದು ಅಷ್ಟು ನಿರುಪದ್ರವಿಯಾಗಿ ಕಾಣುವುದಿಲ್ಲ ಎಂದು 2006ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ಬರೆದರು. ಕಾರಣ ಸರಳ. ನನ್ನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲವೆಂದು ನನಗೆ ಗೊತ್ತು. ಎದುರಿನವನಿಗೆ ಸಿಗುವುದು ನನ್ನ ಮಾತು ಮತ್ತು ದನಿ ಅಷ್ಟೇ.

ದನಿಯ ಬಗ್ಗೆ ವಿದ್ಯಾರ್ಥಿಗಳಿಗೆ ಮೇಷ್ಟ್ರು ಹೇಳಿಕೊಡಬೇಕಾದ್ದಿಲ್ಲ, ನಿಮಗೆ ಗೊತ್ತೇ ಇದೆ. ‘ಏನೋ ದಡ್ಡಾ…’ ಎಂದು ಎಳೆದು, ರಾಗ ಮಾಡಿ, ಹೆಗಲ ಮೇಲೆ ಕೈ ಹಾಕಿ ಹೇಳಿದರೆ ಅದು ಆಟ. ಆ ರಾಗ, ಆ ಎಳೆತವೇ ‘ಇದು ನಿಜವಲ್ಲ ಕಣೋ’ ಎಂದು ಹೇಳುವ ಗುರುತು. ಅದೇ ‘ದಡ್ಡ’ ಎಂಬ ಪದವನ್ನು ಎಳೆಯದೆ, ಮಾಮೂಲು ದನಿಯಲ್ಲಿ, ಮುಖ ಬೇರೆ ಕಡೆ ಮಾಡಿ ಹೇಳಿದರೆ ಆ ಗುರುತು ಹೋಯಿತು, ಬೈಗುಳ ಮಾತ್ರ ಉಳಿಯಿತು. ಆಮೇಲೆ ‘ತಮಾಷೆಗೆ ಅಂದೆ’ ಎಂದು ಅಂಟಿಸಿದರೆ ಅದು ಅಂಟುವುದಿಲ್ಲ. ಉತ್ತರದ ದನಿಯನ್ನೂ ಹೀಗೆಯೇ ಕೇಳಬೇಕು. ‘ಪರವಾಗಿಲ್ಲ ಬಿಡು’ ಎಂಬ ಮಾತು ಆ ಹುಡುಗನ ಎಂದಿನ ದನಿಗಿಂತ ತಗ್ಗಿದ್ದರೆ, ಅಥವಾ ಎಂದಿಗಿಂತ ಚೂಪಾಗಿದ್ದರೆ, ಪರವಾಗಿದೆ ಎಂದೇ ಅರ್ಥ.

‘ಎಂದಿನ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಥರ್ಮಾಮೀಟರಿನಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ಕಂಡರೆ ಜ್ವರ ಎನ್ನುತ್ತೇವೆ, ಏಕೆಂದರೆ ಮೈಯ ಮಾಮೂಲು ಶಾಖ ಎಷ್ಟೆಂದು ಗೊತ್ತು. ಮುಖಕ್ಕೆ ಅಂಥ ಒಂದೇ ಅಳತೆ ಇಲ್ಲ. ನಮ್ಮ ಊರುಗಳಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಮರ್ಯಾದೆ, ಅದು ನೋವಿನ ಲಕ್ಷಣವಲ್ಲ. ಕೈಕಟ್ಟಿ ನಿಂತವನಿಗೆ ಚಳಿಯಾಗಿರಬಹುದು. ಸ್ವಭಾವತಃ ಮಾತು ಕಡಿಮೆ ಇರುವ ಮಕ್ಕಳಿದ್ದಾರೆ. ಒಂದು ಲಕ್ಷಣ ಹಿಡಿದು ತೀರ್ಮಾನ ಮಾಡಬಾರದು. ಅದೇ ಮಗು ಮೊದಲು ಹೇಗಿತ್ತು, ಈಗ ಏನೇನು ಒಟ್ಟಿಗೆ ಬದಲಾಗಿದೆ ಎಂದು ನೋಡಬೇಕು. ಮಂಜುವಿನಲ್ಲಿ ಬರೀ ನಗು ಬದಲಾಗಿದ್ದರೆ ನಾನೂ ಬಿಡುತ್ತಿದ್ದೆನೇನೋ. ದನಿ, ಬೆಂಚು, ಕೈಯೆತ್ತುವುದು, ತಿರುಗಿ ಮಾತು ಕೊಡುವುದು ನಾಲ್ಕೂ ಬದಲಾಗಿದ್ದವು. ಇವುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಕೊನೆಯದರ ಮೇಲೆ. ಕೀಟಲೆ ಎರಡೂ ಕಡೆಯಿಂದ ಹೋಗಿಬರುತ್ತಿದ್ದರೆ ಆಟ ನಡೆದಿದೆ ಎನ್ನಬಹುದು. ಒಂದೇ ಕಡೆಯಿಂದ ಹೋಗತೊಡಗಿದರೆ ಇನ್ನೊಬ್ಬನು ಆಟ ಬಿಟ್ಟಿದ್ದಾನೆ. ಮೇಷ್ಟ್ರ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ, ತಿರುಗಿ ಮಾತು ಕೊಡುವ ಸಲಿಗೆ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಮರುದಿನ ತರಗತಿಯಲ್ಲಿ ಎಲ್ಲರೆದುರು ‘ಬೇಜಾರಾಯ್ತೇನೋ?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾವ ಹುಡುಗನೂ ಹೌದೆನ್ನುವುದಿಲ್ಲ, ‘ಇಲ್ಲ ಸಾರ್’ ಎಂದು ಇನ್ನೊಂದು ಸುಳ್ಳು ನಗೆ ನಗಬೇಕಾಗುತ್ತದೆ. ಬೀಕರು, ಸ್ಟ್ಯಾಂಡುಗಳನ್ನು ಲ್ಯಾಬಿಗೆ ಸಾಗಿಸಲು ಅವನನ್ನು ಕರೆದೆ. ಜೊತೆಗೆ ನಡೆಯುತ್ತಾ, ಮುಖ ನೋಡದೆ, ‘ಆ ಹೆಸರು ನಾನು ಕೂಗಬಾರದಿತ್ತು ಮಂಜು, ಇನ್ನು ಕೂಗಲ್ಲ’ ಎಂದೆ. ತಮಾಷೆಗೆ ಅಂದಿದ್ದು ಎಂಬ ಸಮಜಾಯಿಷಿ ಸೇರಿಸಲಿಲ್ಲ. ಸೇರಿಸಿದ್ದರೆ ಅವನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಸ್ವಲ್ಪ ದೂರ ಸುಮ್ಮನೆ ಬಂದ. ಆಮೇಲೆ, ‘ಮನೇಲೂ ಹಾಗೇ ಕರೀತಾರೆ ಸಾರ್’ ಎಂದ.

ಶಾಲೆಯ ಅಡ್ಡಹೆಸರು ತಂಗಿಯ ಬಾಯಿಂದ ಮನೆಗೆ ತಲುಪಿತ್ತು. ಮೊದಲು ಮನೆಯವರೂ ನಕ್ಕಿದ್ದರು. ಅಂಕಗಳು ಬಂದ ಮೇಲೆ ಅಪ್ಪ ನಗುವುದನ್ನು ಬಿಟ್ಟು ಹೆಸರನ್ನು ಉಳಿಸಿಕೊಂಡರು. ನೆಂಟರು ಬಂದಾಗ ‘ನಮ್ಮ ಟ್ಯೂಬ್‌ಲೈಟು’ ಎಂದು ಪರಿಚಯ ಮಾಡಿಸಿದರಂತೆ. ಜೂನಿನಲ್ಲಿ ಅವನು ಆ ಹೆಸರನ್ನು ಸುಳ್ಳೆಂದು ತಿಳಿದಿದ್ದ, ಹಾಗಾಗಿ ನಗಬಲ್ಲವನಾಗಿದ್ದ. ನವೆಂಬರಿನ ಹೊತ್ತಿಗೆ ಅದು ನಿಜವಿರಬಹುದೆಂಬ ಅಳುಕು ಹುಟ್ಟಿತ್ತು. ಮಾತು ಅದೇ, ನನ್ನ ದನಿಯೂ ಅದೇ, ಗೆರೆ ಮಾತ್ರ ಸರಿದಿತ್ತು. ಮಕ್ಕಳ ಬಣ್ಣ, ದಪ್ಪ, ಅಂಕಗಳ ಬಗ್ಗೆ ನೆಂಟರ ಮುಂದೆ ಹಾಸ್ಯ ಮಾಡುವ ತಂದೆತಾಯಿಗಳು, ಹೋದ ವರ್ಷ ನಕ್ಕಿದ್ದ ಮಗು ಈ ವರ್ಷ ಕಾಫಿ ಲೋಟ ಇಟ್ಟು ತಕ್ಷಣ ಒಳಗೆ ಹೋಗುತ್ತಿದೆಯೇ ಎಂದು ಒಮ್ಮೆ ನೋಡಿ.

ಅವನ ತಂದೆಯನ್ನು ಶಾಲೆಗೆ ಕರೆಸಿ ಮಾತನಾಡಿದೆ. ಹೆಸರಿಟ್ಟವನು ನಾನೇ ಎಂದು ಮೊದಲೇ ಒಪ್ಪಿಕೊಂಡದ್ದರಿಂದ ಅವರಿಗೆ ಕೇಳಿಸಿಕೊಳ್ಳುವುದು ಸುಲಭವಾಯಿತು. ಸಹಪಾಠಿಗಳು ಮಾತ್ರ ಬಿಡಲಿಲ್ಲ, ಹತ್ತನೆಯ ತರಗತಿ ಮುಗಿಯುವವರೆಗೂ ಕೆಲವರು ಹಾಗೆಯೇ ಕರೆದರು. ಮಂಜು ಸಂಕ್ರಾಂತಿಯ ಹೊತ್ತಿಗೆ ಕೊನೆಯ ಬೆಂಚಿನಿಂದ ನಾಲ್ಕನೆಯದಕ್ಕೆ ಬಂದ. ಫೆಬ್ರವರಿಯಲ್ಲಿ ಒಂದು ದಿನ, ಶಬ್ದದ ಪಾಠ ಮುಗಿದು ಬಹಳ ಹೊತ್ತಾದ ಮೇಲೆ, ‘ಸಾರ್, ಬಾವಲಿಗೆ ತನ್ನ ಪ್ರತಿಧ್ವನಿ ಯಾವುದು, ಪಕ್ಕದ ಬಾವಲಿದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನಾನು ಅತ್ತ ನೋಡಲಿಲ್ಲ, ಸೀಮೆಸುಣ್ಣ ಕೈಗೆ ತೆಗೆದುಕೊಂಡು ಬೋರ್ಡಿನ ಮೇಲೆ ಎರಡು ಬಾವಲಿ ಬರೆದೆ.