ಲೆಟರ್ ಅಂದರೆ ಕಾಗದ ಅಲ್ಲವಂತೆ

“ಪ್ರಿಂಟರ್ ಮುಟ್ಟಬೇಕಾದರೆ ಸ್ವಲ್ಪ ಇಂಗ್ಲಿಷ್ ಬರಬೇಕಮ್ಮ” ಎಂದು ನಮ್ಮ ಆಫೀಸಿನ ಸಾಹೇಬರು ಎಲ್ಲರೆದುರು ಹೇಳಿದರು. ಹೇಳಿದ್ದು ನನಗಲ್ಲ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬಂದ ಟಪಾಲು ವಿಭಾಗದ ಹುಡುಗಿಗೆ. ಆದರೂ ಸಿಟ್ಟು ಬಂದದ್ದು ನನಗೆ. ಆ ಯಂತ್ರದ ಪುಟ್ಟ ಪರದೆಯ ಮೇಲಿರುವುದು ಸಾಹೇಬರು ಓದಿದ ಇಂಗ್ಲಿಷೂ ಅಲ್ಲ, ನಾನು ಓದಿದ ಇಂಗ್ಲಿಷೂ ಅಲ್ಲ. ಅದು ಅಮೆರಿಕದ ಕಾಗದದ ಅಂಗಡಿಯವರ ಆಡುಮಾತು.

ನಡೆದದ್ದು ಇಷ್ಟು. ಹಳ್ಳಿಯ ಹೆಂಗಸೊಬ್ಬಳ ವಿಧವಾ ವೇತನದ ಅರ್ಜಿಯನ್ನು ಸ್ಕ್ಯಾನ್ ಮಾಡಿ ಮೇಲಿನ ಆಫೀಸಿಗೆ ಕಳಿಸಬೇಕಿತ್ತು. ಅರ್ಜಿಯ ತೀರಾ ಕೆಳಗೆ ಅವಳ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಸೀಲು. ಹುಡುಗಿ ಹಾಳೆಯನ್ನು ಗಾಜಿನ ಮೇಲೆ ನೇರವಾಗಿಯೇ ಇಟ್ಟಳು, ಗುಂಡಿ ಒತ್ತಿದಳು, ಕಳಿಸಿದಳು. ಹತ್ತು ದಿನಕ್ಕೆ ಅರ್ಜಿ ವಾಪಸು ಬಂತು: ಹೆಬ್ಬೆಟ್ಟಿಲ್ಲ, ಸೀಲಿಲ್ಲ. ಪಾಪ, ಆ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಮತ್ತೆ ಬಂದಳು. ಮೂಲ ಹಾಳೆ ತೆಗೆದು ನೋಡಿದರೆ ಎರಡೂ ಅಲ್ಲೇ ಇವೆ!

ಪರದೆಯಲ್ಲಿ Original Size ಎಂಬ ಸಾಲನ್ನು ತೆರೆದು ನೋಡಿದೆವು. ಅದರ ಎದುರು Letter ಎಂದಿತ್ತು. ಕಾಗದ ಬರೆಯುವುದು, ಕಾಗದ ಕಳಿಸುವುದು ಎಂದೆಲ್ಲ ಹೇಳುವ ನಮಗೆ ಲೆಟರ್ ಅಂದರೆ ಕಾಗದವೇ ತಾನೆ? ಕಳಿಸುವ ಅರ್ಜಿಗೆ ಅದು ಸರಿಯಾಗಿಯೇ ಇದೆ ಎಂದುಕೊಳ್ಳುವುದರಲ್ಲಿ ಏನು ತಪ್ಪು? ಆದರೆ ಯಂತ್ರದ ಪಾಲಿಗೆ Letter ಎಂದರೆ 279 ಮಿಲಿಮೀಟರ್ ಉದ್ದದ ಅಮೆರಿಕದ ಹಾಳೆ. ನಮ್ಮಲ್ಲಿ ಎಲ್ಲರೂ ಬಳಸುವ A4 ಹಾಳೆಯ ಉದ್ದ 297. ನಡುವಿನ 18 ಮಿಲಿಮೀಟರನ್ನು ಯಂತ್ರ ಓದಲೇ ಇಲ್ಲ. ಎರಡು ಬೆರಳಗಲಕ್ಕಿಂತ ಕಡಿಮೆಯ ಆ ಪಟ್ಟಿಯಲ್ಲೇ ಹೆಬ್ಬೆಟ್ಟಿತ್ತು, ಸೀಲಿತ್ತು. Original ಎಂದರೆ ‘ಅಸಲಿ’ ಎಂದು ಓದಿದವರಿಗೆ, ಅಲ್ಲಿ ಅದರ ಅರ್ಥ ‘ಗಾಜಿನ ಮೇಲಿಟ್ಟ ಹಾಳೆ’ ಎಂದು ಹೇಳುವವರಾದರೂ ಯಾರು?

ಇನ್ನು A4 ಇದ್ದಲ್ಲಿಗೆ Letter ಬಂದದ್ದು ಹೇಗೆ? ಕೆಲವು ಯಂತ್ರಗಳನ್ನು ರಿಪೇರಿಯ ನಂತರ ಮೊದಲಿನ ಸ್ಥಿತಿಗೆ ತಂದರೆ ಅವು ದೇಶ ಯಾವುದು ಎಂದು ಕೇಳುತ್ತವೆ. ಸರ್ವೀಸಿನವನು ಅವಸರದಲ್ಲಿ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿ ಹೋದರೆ ಕಾಗದದ ಅಳತೆಯೂ ಆ ದೇಶದ್ದೇ ಆಗಿಬಿಡುತ್ತದೆ. ಬೈಗುಳ ಮಾತ್ರ ಟಪಾಲು ಹುಡುಗಿಗೆ.

ಪ್ರಿಂಟ್ ಮಾಡುವಾಗ ಈ ಕಾಟ ಎರಡು ಕಡೆ. ಕಂಪ್ಯೂಟರಿನಲ್ಲಿ ಕಡತಕ್ಕೊಂದು ಅಳತೆ ಇರುತ್ತದೆ, ಯಂತ್ರದಲ್ಲಿ ಕಾಗದ ತುಂಬುವ ಟ್ರೇಗೆ ಬೇರೆಯದೇ ಒಂದು. ಎರಡೂ ಒಂದೇ ಆಗದಿದ್ದರೆ ಯಂತ್ರ Paper mismatch ಎಂದು ಮುನಿಸಿಕೊಂಡು ನಿಲ್ಲುತ್ತದೆ. ಕಾಗದ ಖಾಲಿಯಾಗಿದೆಯೆಂದು ತಿಳಿದು ಎಷ್ಟು ತುಂಬಿದರೂ ಅದರ ಸಿಟ್ಟು ಇಳಿಯುವುದಿಲ್ಲ. ಹಲ್ಲಿನ ಚಕ್ರದ ಚಿತ್ರ ಒತ್ತಿ, Tray ಎಂಬಲ್ಲಿಗೆ ಹೋಗಿ, Paper Size ಎದುರು A4 ಆರಿಸಿ, ಕಂಪ್ಯೂಟರಿನಲ್ಲೂ A4 ಇದೆಯೇ ಎಂದು ನೋಡಿದರಾಯಿತು. ಇದಕ್ಕೆ ಬೇಕಾದದ್ದು ನಾಲ್ಕು ಪದ. ಅದನ್ನು ಹೇಳಿಕೊಡುವ ಬದಲು ‘ಇಂಗ್ಲಿಷ್ ಬರಬೇಕು’ ಎನ್ನುವುದು, ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸದೆ ಅಡುಗೆ ಬರುವುದಿಲ್ಲ ಎಂದಂತೆ.

ಯಂತ್ರ ಮಾಡುವವರಿಗೆ ನಮ್ಮ ದೇಶ ಗೊತ್ತಿಲ್ಲವೆಂದು ಮಾತ್ರ ಹೇಳಬೇಡಿ. ಅವರ Legal ಹಾಳೆ 356 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಲೀಗಲ್ ಎಂದು ಮಾರುವ ಹಾಳೆ ಸಾಮಾನ್ಯವಾಗಿ 345. ಈ 11 ಮಿಲಿಮೀಟರ್ ವ್ಯತ್ಯಾಸಕ್ಕಾಗಿಯೇ ಕೆಲವು ಕಂಪನಿಗಳು Legal (India) ಎಂದು ಬೇರೆಯೇ ಸಾಲು ಹಾಕಿವೆ. ಅಂದರೆ ನಮ್ಮ ಕಾಗದವನ್ನು ಅಳತೆಪಟ್ಟಿ ಹಿಡಿದು ಅಳೆದಿದ್ದಾರೆ. ಅಷ್ಟು ಶ್ರಮಪಟ್ಟವರಿಗೆ ಆ ಸಾಲನ್ನು ಓದುವವಳ ಭಾಷೆಯಲ್ಲಿ ಬರೆಯುವುದು ಕಷ್ಟವೇ? ನಾನು ಕೆಲಸ ಮಾಡಿದ ಯಾವ ಯಂತ್ರದ Language ಪಟ್ಟಿಯಲ್ಲೂ ಕನ್ನಡ ಕಂಡಿಲ್ಲ. ಯುರೋಪಿನ ಹತ್ತಾರು ಭಾಷೆಗಳು ಸಾಲಾಗಿ ಕುಳಿತಿದ್ದವು. ಎಟಿಎಂನಲ್ಲಿ ಕನ್ನಡ ಬಂದದ್ದು ಬ್ಯಾಂಕಿನವರು ಕೇಳಿದ್ದಕ್ಕೆ. ಪ್ರಿಂಟರ್ ಕೊಳ್ಳುವಾಗ ನಮ್ಮ ಆಫೀಸುಗಳು ಕೇಳುವುದು ಬೆಲೆಯನ್ನು ಮಾತ್ರ.

ಸದ್ಯಕ್ಕೆ ಆ ಹುಡುಗಿ ಯಂತ್ರದ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: “Letter ಬೇಡ, A4. ಕಳಿಸುವ ಮುಂಚೆ ಕೊನೆಯ ಸಾಲು ಬಂದಿದೆಯೇ ನೋಡಿ.” ಮುಂದಿನ ಖರೀದಿಯ ಷರತ್ತಿನಲ್ಲಿ ‘ಪರದೆ ಕನ್ನಡದಲ್ಲಿರಬೇಕು’ ಎಂದು ಸೇರಿಸಿ ಎಂದು ನಾನು ಬರೆದುಕೊಟ್ಟ ಟಿಪ್ಪಣಿ ಸಾಹೇಬರ ಮೇಜಿನ ಮೇಲಿದೆ. ಕನ್ನಡದಲ್ಲೇ ಬರೆದಿದ್ದೇನೆ, A4 ಹಾಳೆಯಲ್ಲಿ.