ಟ್ಯಾರೋ: ಚಿತ್ರದ ಎಲೆಯೋ, ಎಣಿಕೆಯ ಎಲೆಯೋ?

ಟ್ಯಾರೋ ಎಲೆಗಳ ಅರ್ಥ ಕಲಿಯಬೇಕೆಂದು ಹೊರಟ ಕಾಲೇಜು ಹುಡುಗಿಯೊಬ್ಬಳ ಮುಂದೆ ಅಂಗಡಿಯಾತ ಎರಡು ಕಟ್ಟುಗಳನ್ನು ಇಟ್ಟಿದ್ದಾನೆನ್ನಿ. ಎರಡು ಡಬ್ಬಿಗಳ ಮೇಲೂ ಬಣ್ಣಬಣ್ಣದ ಚಿತ್ರಗಳಿವೆ. ಮಗಳ ಜೊತೆ ಬಂದ ತಂದೆಗೆ ಎರಡೂ ಒಂದೇ ಎನಿಸುತ್ತದೆ. ಆದರೆ ಕಲಿಯುವವರ ಪಾಲಿಗೆ ಇವು ಒಂದೇ ಅಲ್ಲ.

ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ನಮ್ಮ ಇಸ್ಪೀಟಿನಂತೆ ಆಡುವ ಆಟವಾಗಿ. ಭವಿಷ್ಯ ಹೇಳುವ ಬಳಕೆ ಪ್ರಚಾರಕ್ಕೆ ಬಂದದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22 ತುರುಪಿನ ಎಲೆಗಳು. ಉಳಿದ 56 ಎಲೆಗಳು ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ಪಂಗಡಗಳಿಗೆ ಸೇರಿವೆ. ಪ್ರತಿ ಪಂಗಡದಲ್ಲೂ ರಾಜ, ರಾಣಿ, ಸವಾರ, ಸೇವಕ ಎಂಬ ನಾಲ್ಕು ಎಲೆಗಳನ್ನು ಬಿಟ್ಟರೆ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳಿರುತ್ತವೆ. ಕಲಿಯುವವರನ್ನು ಕಾಡುವುದು ಈ 40 ಎಲೆಗಳೇ.

ಫ್ರಾನ್ಸಿನ ಹಳೆಯ ಮಾದರಿಯಾದ ಮಾರ್ಸೇ ಕಟ್ಟಿನಲ್ಲಿ ಬಟ್ಟಲು ಐದು ಎಂದರೆ ಐದು ಬಟ್ಟಲು, ನಡುವೆ ಒಂದಿಷ್ಟು ಬಳ್ಳಿ, ಅಷ್ಟೇ. 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನದಿಂದ ಹೊರಬಂದ ಕಟ್ಟಿನಲ್ಲಿ ಹಾಗಲ್ಲ. ಎ. ಇ. ವೇಯ್ಟ್ ಅವರ ಯೋಜನೆಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದ ಆ ಎಲೆಯಲ್ಲಿ ಕಪ್ಪು ಹೊದ್ದ ವ್ಯಕ್ತಿಯೊಬ್ಬ ಉರುಳಿಬಿದ್ದ ಮೂರು ಬಟ್ಟಲುಗಳನ್ನು ನೋಡುತ್ತ ನಿಂತಿದ್ದಾನೆ. ಅವನ ಬೆನ್ನ ಹಿಂದೆ ಎರಡು ಬಟ್ಟಲುಗಳು ನೆಟ್ಟಗೆ ನಿಂತಿವೆ. ‘ನಷ್ಟವಾಗಿದೆ, ಆದರೆ ಎಲ್ಲವೂ ಹೋಗಿಲ್ಲ’ ಎಂಬ ಅರ್ಥ ಪುಸ್ತಕ ತೆರೆಯದೆಯೇ ಹೊಳೆಯುತ್ತದೆ.

ಹಾಗಾದರೆ ಚಿತ್ರದ ಕಟ್ಟೇ ಸುಲಭವಲ್ಲವೇ? ಇಲ್ಲೊಂದು ಸ್ವಾರಸ್ಯವಿದೆ. ಚಿತ್ರಗಳನ್ನೇ ನೆಚ್ಚಿದವಳು 40 ಬಿಡಿ ಕಥೆಗಳನ್ನು ನೆನಪಿಡಬೇಕು. ಎಣಿಕೆಯ ಎಲೆಯಲ್ಲಿ ಕಲಿಯುವವಳಿಗೆ ಬೇಕಾದದ್ದು ನಾಲ್ಕು ಪಂಗಡಗಳ ಗುಣ, ಹತ್ತು ಅಂಕಿಗಳ ಗುಣ, ಒಟ್ಟು 14 ಸಂಗತಿಗಳು ಮಾತ್ರ. ಬಟ್ಟಲು ಎಂದರೆ ಭಾವನೆ, ಕತ್ತಿ ಎಂದರೆ ವಿಚಾರ, ಕೋಲು ಎಂದರೆ ಉತ್ಸಾಹ, ನಾಣ್ಯ ಎಂದರೆ ಹಣಕಾಸು. ಐದು ಎಂದರೆ ಕದಡು ಎಂದಿಟ್ಟುಕೊಂಡರೆ, ಬಟ್ಟಲು ಐದು ಕದಡಿದ ಭಾವನೆ ಎಂದಾಯಿತು. ತೊಡಕು ಏನೆಂದರೆ, ಅಂಕಿಗಳ ಗುಣದ ಬಗ್ಗೆ ಎಲ್ಲರೂ ಒಪ್ಪಿದ ಒಂದೇ ಕೋಷ್ಟಕವಿಲ್ಲ. ಎರಡು ಪುಸ್ತಕಗಳನ್ನು ಬೆರೆಸಿದರೆ ಗೊಂದಲವೇ ಗತಿ. ಮಾರ್ಸೇ ಕಟ್ಟಿನಲ್ಲಿ ಬಾಗಿದ ಕತ್ತಿಗಳನ್ನೂ ನೇರ ಕೋಲುಗಳನ್ನೂ ಗುರುತಿಸಲು ಹೊಸಬರು ಮೊದಮೊದಲು ತಡವರಿಸುವುದೂ ಉಂಟು.

ಆದ್ದರಿಂದ ಮೊದಲ ಕಟ್ಟು ಚಿತ್ರದ್ದೇ ಇರಲಿ. ಕಲಿಯುವ ಕ್ರಮ ಮಾತ್ರ ಎಣಿಕೆಯದಾಗಲಿ. ನಾಲ್ಕು ಐದುಗಳನ್ನು ಸಾಲಾಗಿ ಇಟ್ಟು ನೋಡಿ. ಬಟ್ಟಲಿನಲ್ಲಿ ದುಃಖ. ಕೋಲಿನಲ್ಲಿ ಐವರು ಯುವಕರ ಬಡಿದಾಟ. ಕತ್ತಿಯಲ್ಲಿ ಗೆದ್ದವನು ಕತ್ತಿಗಳನ್ನು ಬಾಚಿಕೊಂಡಿದ್ದಾನೆ, ಸೋತ ಇಬ್ಬರು ದೂರ ನಡೆದಿದ್ದಾರೆ. ನಾಣ್ಯದಲ್ಲಿ ಇಬ್ಬರು ಬಡವರು ದೀಪ ಬೆಳಗಿದ ಕಿಟಕಿಯ ಹೊರಗೆ ಹಿಮದಲ್ಲಿ ಸಾಗಿದ್ದಾರೆ. ನಾಲ್ಕರಲ್ಲೂ ಕದಡು ಕಾಣುತ್ತದೆ, ಕದಡಿದ ವಸ್ತು ಮಾತ್ರ ಬೇರೆ. ಎಲ್ಲ ಅಂಕಿಗಳೂ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ. ಎಂಟುಗಳನ್ನು ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಅಂಥವನ್ನು ಬಿಡಿಯಾಗಿಯೇ ಕಲಿಯಬೇಕು.

ಕಲಿತದ್ದು ಅರ್ಥವೋ ಬರೀ ಚಿತ್ರವೋ ಎಂದು ತಿಳಿಯಲು ಮನೆಯ ಇಸ್ಪೀಟು ಕಟ್ಟು ಸಾಕು. ರೂಢಿಯಂತೆ ಆಟೀನು ಬಟ್ಟಲಿಗೆ, ಇಸ್ಪೀಟು ಕತ್ತಿಗೆ, ಕಳಾವರು ಕೋಲಿಗೆ, ಡೈಮಂಡು ನಾಣ್ಯಕ್ಕೆ ಸಮ. ಆಟೀನು ಐದನ್ನು ಎತ್ತಿದಾಗ ‘ಕಪ್ಪು ಬಟ್ಟೆಯವನು’ ಎಂದಷ್ಟೇ ನೆನಪಾಗಿ, ಹಿಂದೆ ಉಳಿದ ಎರಡು ಬಟ್ಟಲುಗಳು ಮರೆತಿದ್ದರೆ, ಅರ್ಧ ಅರ್ಥ ಕೈಬಿಟ್ಟಿದೆ ಎಂದೇ ಲೆಕ್ಕ.

ಕೊಳ್ಳುವಾಗ ಡಬ್ಬಿಯ ಚಿತ್ರವನ್ನು ನಂಬಬೇಡಿ. ಅಲ್ಲಿರುವುದು ಸಾಮಾನ್ಯವಾಗಿ ತುರುಪಿನ ಎಲೆ. ಅದಕ್ಕೆ ಎರಡೂ ಬಗೆಯ ಕಟ್ಟುಗಳಲ್ಲಿ ಚಿತ್ರವಿದೆ. ಬಟ್ಟಲು ಐದನ್ನು ತೋರಿಸಿ ಎಂದು ಕೇಳಿ. ಅದರಲ್ಲಿ ಮನುಷ್ಯನಿದ್ದರೆ ಅದು ಚಿತ್ರದ ಕಟ್ಟು.

ಇನ್ನು ತಂದೆಯ ಮನಸ್ಸಿನಲ್ಲಿರುವ ಪ್ರಶ್ನೆ: ಎಲೆಗೆ ಮಗಳ ಪರೀಕ್ಷೆಯ ಫಲಿತಾಂಶ ಗೊತ್ತೇ? ಇಲ್ಲ. ಕಲೆಸಿದ ಕಟ್ಟಿನಿಂದ ಯಾವ ಎಲೆ ಬರುತ್ತದೆ ಎಂಬುದು ಬರೀ ಆಕಸ್ಮಿಕ. ಅರ್ಥಗಳು ಮನುಷ್ಯರು ಹಚ್ಚಿದ್ದು; ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರು ಬದಲಿಸಿದ್ದೂ ಇದೆ. ನಾಲ್ಕು ಐದುಗಳನ್ನು ಸಾಲಾಗಿ ಇಟ್ಟು ನೋಡಿದ ಹುಡುಗಿಗೆ ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.