ಒಂದೇ ರಜೆಗೆ ಎರಡು ಸಲ ಕತ್ತರಿ: ಬೋನಸ್ ಲೆಕ್ಕ ಸರಿಪಡಿಸಿ!

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ದೀಪಾವಳಿ ಬಂತು, ಬೋನಸ್ ಚೀಟಿಯೂ ಬಂತು. ವರ್ಷದ ನಡುವೆ ಕೆಲಸಕ್ಕೆ ಸೇರಿದವರ ಚೀಟಿಗಳನ್ನು ನೋಡಿದಿರಾ? ನಮ್ಮ ಲೈನಿನ ಒಬ್ಬ ಟೈಲರ್ ಅಕ್ಕ ಆಗಸ್ಟ್ 1ಕ್ಕೆ ಸೇರಿದವರು. ಮಾರ್ಚ್ ಕೊನೆಯವರೆಗೆ ಎಂಟು ತಿಂಗಳು ದುಡಿದರು. ಮಗುವಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾಗ 16 ದಿನ ರಜೆ ಹಾಕಿದರು. ಸೇರಿ ಮೂರು ತಿಂಗಳೂ ಆಗಿರಲಿಲ್ಲ, ಗಳಿಕೆ ರಜೆ ಒಂದೂ ಖಾತೆಯಲ್ಲಿರಲಿಲ್ಲ. ಹಾಗಾಗಿ ಅಷ್ಟೂ ದಿನಕ್ಕೆ ಸಂಬಳ ಕಟ್. ಅದನ್ನು ಅವರು ಅಂದೇ ಸಹಿಸಿಕೊಂಡರು. ಈಗ ಅದೇ ರಜೆಯನ್ನು ತೋರಿಸಿ ಬೋನಸ್ಸಿಗೂ ಕತ್ತರಿ ಹಾಕಿದ್ದಾರೆ, ಅದೂ ಎರಡು ಸಲ!

ಲೆಕ್ಕ ನೋಡಿ. ಬೇಸಿಕ್, ಡಿಎ ಸೇರಿ ಅಕ್ಕನಿಗೆ ದಿನಕ್ಕೆ 500 ರೂಪಾಯಿ, ತಿಂಗಳಿಗೆ 26 ದಿನ. ಎಂಟು ತಿಂಗಳಿಗೆ 208 ದಿನ. ರಜೆಯ 16 ಕಳೆದರೆ 192 ದಿನ. ದುಡಿದ ಸಂಬಳ 96,000. ಕಾಯ್ದೆ ಹೇಳುವ ಕನಿಷ್ಠ ಬೋನಸ್ ನೂರಕ್ಕೆ 8.33. ಅಂದರೆ 7,997 ರೂಪಾಯಿ. ಬೇರೆ ದಾರಿಯಲ್ಲೂ ಹೋಗಬಹುದು. ಇಡೀ ವರ್ಷದ 312 ದಿನಕ್ಕೆ ಬೋನಸ್ ಎಷ್ಟಾಗುತ್ತದೋ ನೋಡಿ: 12,995. ಅದರಲ್ಲಿ 192 ದಿನದ ಪಾಲು ತೆಗೆಯಿರಿ. ಮತ್ತೆ 7,997ಕ್ಕೇ ಬಂದು ನಿಲ್ಲುತ್ತದೆ. ಯಾವ ದಾರಿ ಹಿಡಿದರೂ ಉತ್ತರ ಒಂದೇ.

ಆಫೀಸಿನವರು ಮಾಡಿದ್ದೇನು? ದುಡಿದ ಸಂಬಳದ ಮೇಲೆ 7,997 ಎಂದು ಮೊದಲು ಬರೆದುಕೊಂಡರು. ಸೇರುವ ಮೊದಲಿನ ನಾಲ್ಕು ತಿಂಗಳೂ ರಜೆಯ 16 ದಿನವೂ ಅಲ್ಲಿಗೇ ಕಳೆದುಹೋಗಿವೆ. ಆಮೇಲೆ ಅದೇ ಮೊತ್ತವನ್ನು ಮತ್ತೆ 192ರಿಂದ ಗುಣಿಸಿ 312ರಿಂದ ಭಾಗಿಸಿದರು. ಉಳಿದದ್ದು 4,921. ಬಡವಿಯ 3,076 ರೂಪಾಯಿ ಹಾಡಹಗಲೇ ಮಾಯ. ನಿಮ್ಮ ಚೀಟಿಯಲ್ಲೂ ಹೀಗೆ ಆಗಿದೆಯೇ ಎಂದು ತಿಳಿಯುವುದು ಸುಲಭ: ಪೇ ಸ್ಲಿಪ್‌ಗಳಲ್ಲಿರುವ ಬೇಸಿಕ್, ಡಿಎ ಕೂಡಿಸಿ, ಅದರ 8.33ಕ್ಕಿಂತ ಕಡಿಮೆ ಬಂದಿದ್ದರೆ ನಿಮಗೂ ಎರಡು ಸಲ ಕತ್ತರಿ ಬಿದ್ದಿದೆ. ಕನಿಷ್ಠ ವೇತನಕ್ಕಿಂತ ಮೇಲೆ ಪಡೆಯುವವರಿಗೆ ಮಾತ್ರ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿಯಿದೆ.

“ವರ್ಷ ತುಂಬಿಲ್ಲ, ಕೊಟ್ಟಷ್ಟೇ ದೊಡ್ಡದು” ಎನ್ನುತ್ತಾರೆ. ವರ್ಷ ತುಂಬಬೇಕೆಂದು ಯಾರು ಹೇಳಿದರು? 1965ರ ಬೋನಸ್ ಕಾಯ್ದೆ ಕೇಳಿದ್ದು 30 ದಿನದ ಕೆಲಸ ಮಾತ್ರ. 2019ರ ವೇತನ ಸಂಹಿತೆಯಲ್ಲೂ ಅದೇ 30, ಅದೇ 8.33. “ಕಂಪ್ಯೂಟರ್ ಲೆಕ್ಕ, ನಮ್ಮ ಕೈಲಿಲ್ಲ” ಎನ್ನುತ್ತಾರೆ. ಕಂಪ್ಯೂಟರಿಗೆ ಸೂತ್ರ ಹಾಕಿದವರು ಯಾರು, ಸೂಜಿ ಹಿಡಿದ ನಾವೇ? ಸಂಬಳ ಕಟ್ ಆಗುವಾಗ ಒಂದು ದಿನವೂ ತಪ್ಪದ ಕಂಪ್ಯೂಟರ್ ಬೋನಸ್ ಹೊತ್ತಿಗೆ ಮಾತ್ರ ತಪ್ಪುತ್ತದೆಯೆಂದರೆ ನಂಬುವವರು ಯಾರು!

ಇನ್ನೊಂದು ಸಂಘದ ನಾಯಕರಿಗೂ ಒಂದು ಮಾತು. ಆಡಳಿತದವರ ಜೊತೆ ನಿಂತು ಸಿಹಿ ಡಬ್ಬಿ ಹಿಡಿದು ಫೋಟೋ ತೆಗೆಸಿಕೊಂಡಿರಿ. ಹೊಸಬರ ಒಂದು ಚೀಟಿಯನ್ನಾದರೂ ತೆರೆದು ನೋಡಿದಿರಾ? ಹೊಸಬರಿಗೆ ಕೊಟ್ಟರೆ ನಮ್ಮ ಪಾಲು ಕಡಿಮೆಯಾದೀತು ಎಂದು ಪಿಸುಗುಟ್ಟುವ ಹಳಬರೂ ಕೇಳಿ. ಈ 8.33 ಒಬ್ಬೊಬ್ಬರ ಸಂಬಳದ ಮೇಲೆ ಬೇರೆ ಬೇರೆಯಾಗಿ ಹುಟ್ಟುವ ಹಕ್ಕು. ಕಂಪನಿ ನಷ್ಟದಲ್ಲಿದ್ದರೂ ಕೊಡಲೇಬೇಕಾದ ಹಣ. ಹೊಸಬರಿಂದ ಕಿತ್ತುಕೊಂಡದ್ದು ನಿಮ್ಮ ಜೇಬಿಗೆ ಬರುವುದಿಲ್ಲ, ಮಾಲೀಕರ ಪೆಟ್ಟಿಗೆಗೇ ಹೋಗುತ್ತದೆ.

ಸಂಬಳವಿಲ್ಲದ ರಜೆಗೆ ಬೋನಸ್ ಕೊಡಿ ಎಂದು ನಾವು ಕೇಳುತ್ತಿಲ್ಲ. ಆ 16 ದಿನ ಹೋಯಿತು, ಹೋಗಲಿ. ಆದರೆ ಸಂಬಳ ಸಹಿತ ರಜೆ, ಸಂಬಳ ಸಹಿತ ಹೆರಿಗೆ ರಜೆ, ಕೆಲಸದ ಜಾಗದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದ ದಿನ, ಆರ್ಡರ್ ಇಲ್ಲವೆಂದು ನಿಯಮದಂತೆ ಲೇ-ಆಫ್ ಕೊಟ್ಟ ದಿನ, ಇವೆಲ್ಲ ದುಡಿದ ದಿನಗಳೇ ಎಂದು 1965ರ ಕಾಯ್ದೆಯೇ ಹೇಳಿದೆ. ಇವನ್ನೂ ‘ಗೈರು’ ಎಂದು ಬರೆದಿರುವ ಚೀಟಿಗಳು ನಮ್ಮ ಕಣ್ಣಿಗೆ ಬಿದ್ದಿವೆ. ಎಷ್ಟು ಮನೆಗಳಲ್ಲಿ ಹಬ್ಬದ ಸೀರೆ, ಮಕ್ಕಳ ಫೀಸು ಈ ಕಳ್ಳ ಲೆಕ್ಕದಲ್ಲಿ ಕರಗಿತೋ!

ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ, ಪೂರ್ತಿ ಬೋನಸ್ ಕೈ ಸೇರಬೇಕು. ದಿನ ಹೆಚ್ಚಿಲ್ಲ. ಪೇ ಸ್ಲಿಪ್, ಬೋನಸ್ ಚೀಟಿ ಎರಡನ್ನೂ ಜೋಪಾನವಾಗಿಟ್ಟುಕೊಳ್ಳಿ. ಒಬ್ಬೊಬ್ಬರೇ ಹೋಗಿ ಬೈಸಿಕೊಂಡು ಬರಬೇಡಿ. ಊಟದ ಬಿಡುವಿನಲ್ಲಿ ಎಲ್ಲರೂ ಸೇರೋಣ, ಹಳಬರೂ ಹೊಸಬರೂ ಒಟ್ಟಾಗಿ ನಿಂತು ಬಾಕಿ ಕೇಳೋಣ. ಬನ್ನಿ!